11 ತಿಂಗಳ ಕರಾರು ಮತ್ತು ಅಡ್ವಾನ್ಸ್ ಲೆಕ್ಕ

(ಬೆಂಗಳೂರಿನ ಒಂದು ಬಡಾವಣೆಯಲ್ಲಿ ಬಾಡಿಗೆದಾರರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಬಾಡಿಗೆ ಕರಾರಿನಲ್ಲಿ ಏನಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಬರುತ್ತದೆ. ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, 11 ತಿಂಗಳು. ಉಳಿದದ್ದನ್ನು ಓದಿದವರು ಕಡಿಮೆ. ಬ್ರೋಕರ್ ಟೈಪ್ ಮಾಡಿಸಿ ತರುತ್ತಾರೆ, ಓನರ್ ಸಹಿ ಆಗಿರುತ್ತದೆ, ಸಾಮಾನಿನ ಲಾರಿ ಕೆಳಗೆ ನಿಂತಿರುತ್ತದೆ. ಆಗ ಯಾರು ತಾನೇ ಓದುತ್ತಾರೆ? ಮನೆ ಖಾಲಿ ಮಾಡುವ ದಿನ ಮಾತ್ರ ಓನರ್ ಆ ಪತ್ರವನ್ನು ಬೀರುವಿನಿಂದ ತೆಗೆದು ಒಂದೊಂದೇ ಸಾಲು ಓದಿ ಹೇಳುತ್ತಾರೆ.

ವಕೀಲನಾದ ನನ್ನ ಬಳಿ ಬರುವ ಬಾಡಿಗೆ ಜಗಳಗಳಲ್ಲಿ ಹೆಚ್ಚಿನವು ಅಡ್ವಾನ್ಸ್ ವಾಪಸ್ ಬರಲಿಲ್ಲ ಅನ್ನುವುದೇ. ಹಾಗಾಗಿ ಇವತ್ತು ಜಾಸ್ತಿ ಹೊತ್ತು ಅದರ ಬಗ್ಗೆಯೇ ಮಾತಾಡುತ್ತೇನೆ. ಅದಕ್ಕೆ ಮುಂಚೆ ಈ 11 ತಿಂಗಳು ಎಲ್ಲಿಂದ ಬಂತು ಎಂದು ನೋಡೋಣ.

1908ರ ನೋಂದಣಿ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮನೆ ಬಾಡಿಗೆಗೆ ಕೊಟ್ಟರೆ ಆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಅದಕ್ಕೆ ಶುಲ್ಕ ಇದೆ, ಇಬ್ಬರೂ ಹೋಗಿ ಫೋಟೊ, ಹೆಬ್ಬೆಟ್ಟು ಕೊಡಬೇಕು, ಅರ್ಧ ದಿನ ಕಳೆಯುತ್ತದೆ. 11 ತಿಂಗಳು ಎಂದು ಬರೆದರೆ ಇದ್ಯಾವುದೂ ಬೇಡ. ಇದರಲ್ಲಿ ಕಳ್ಳತನ ಏನೂ ಇಲ್ಲ. ಕಾಯ್ದೆಯೇ ಬಿಟ್ಟಿರುವ ದಾರಿ ಇದು. ಆದರೆ ಎಲ್ಲ ರಾಜ್ಯಕ್ಕೂ ಇದೇ ಅಲ್ಲ. ಮಹಾರಾಷ್ಟ್ರದಲ್ಲಿ 11 ತಿಂಗಳ ಕರಾರನ್ನೂ ನೋಂದಣಿ ಮಾಡಿಸಬೇಕು. ಮುಂಬೈ, ಪುಣೆಗೆ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಿ ಕಳಿಸಿ.

ಇಲ್ಲೊಂದು ಗೊಂದಲ ಇದೆ. ಬಹಳ ಜನ ಬಂದು, "ಸಾರ್, ನಮ್ಮದು ರಿಜಿಸ್ಟರ್ ಆಗಿದೆ, ಸೀಲ್ ಇದೆ ನೋಡಿ" ಎನ್ನುತ್ತಾರೆ. ನೋಡಿದರೆ ಅದು ನೋಟರಿ ಸೀಲು. ನೋಟರಿ ನೋಡುವುದು ಸಹಿ ಹಾಕಿದವರು ಇವರೇ ಎಂಬುದನ್ನು, ಅಷ್ಟೇ. ಅದು ನೋಂದಣಿ ಆಗುವುದಿಲ್ಲ. ಮೂರು ವರ್ಷದ ಕರಾರು ಬರೆದು ನೋಟರಿ ಮಾಡಿಸಿ, 'ಮೂರು ವರ್ಷ ಯಾರೂ ನಮ್ಮನ್ನು ಏಳಿಸೋ ಹಾಗಿಲ್ಲ' ಎಂದುಕೊಂಡರೆ ಕೋರ್ಟಿನಲ್ಲಿ ಆ ಮೂರು ವರ್ಷಕ್ಕೆ ಬೆಲೆ ಸಿಗುವುದಿಲ್ಲ. ನಿಜವಾಗಿಯೂ ಮೂರು ವರ್ಷದ ಭದ್ರತೆ ಬೇಕೆಂದರೆ, ಮಕ್ಕಳ ಶಾಲೆ ಪಕ್ಕದಲ್ಲೇ ಇದೆ ಎನ್ನುವಂಥ ಕಾರಣ ಇದ್ದರೆ, ಖರ್ಚು ಮಾಡಿ ನೋಂದಣಿ ಮಾಡಿಸಿ.

ಸ್ಟಾಂಪ್ ಪೇಪರ್ ವಿಷಯ ಬೇಗ ಮುಗಿಸುತ್ತೇನೆ. ನೋಂದಣಿ ಬೇಡ ಅಂದಮಾತ್ರಕ್ಕೆ ಸ್ಟಾಂಪ್ ಬೇಡ ಎಂದಲ್ಲ. ಇ-ಸ್ಟಾಂಪ್ ಪೇಪರಿನಲ್ಲಿ ಓನರ್ ಮತ್ತು ನಿಮ್ಮ ಹೆಸರು ಎರಡೂ ಇರಬೇಕು. ಕಡಿಮೆ ಮೊತ್ತದ ಸ್ಟಾಂಪ್ ಹಾಕಿದ ಪತ್ರವನ್ನು ಕೋರ್ಟಿಗೆ ತಂದರೆ ಬಾಕಿ ಮೊತ್ತದ ಜೊತೆ ದಂಡವನ್ನೂ ಕಟ್ಟಬೇಕಾಗುತ್ತದೆ. ಅಲ್ಲಿಯವರೆಗೆ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಮೂಲಪ್ರತಿ ಓನರ್ ಹತ್ತಿರ, ಜೆರಾಕ್ಸ್ ನಿಮ್ಮ ಹತ್ತಿರ. ಎರಡು ಮೂಲಪ್ರತಿ ಮಾಡಿಸಿ ಎಂದು ಕೇಳಿ. ಖರ್ಚು ದೊಡ್ಡದೇನಲ್ಲ.

ಸರಿ, 11 ತಿಂಗಳು ಮುಗಿಯಿತು. ಆಮೇಲೆ?

ನಡೆಯುವುದು ಹೀಗೆ. ಓನರ್ ಫೋನ್ ಮಾಡಿ, "ಮುಂದಿನ ತಿಂಗಳಿಂದ 5 ಪರ್ಸೆಂಟ್ ಸೇರಿಸಿ ಹಾಕಿ" ಅನ್ನುತ್ತಾರೆ. ನೀವು ಹಾಕುತ್ತೀರಿ. ಹೊಸ ಪತ್ರ ಮಾಡಿಸುವುದಿಲ್ಲ. ಹೀಗೇ ನಾಲ್ಕು ವರ್ಷ. ಹಾಗಾದರೆ ನೀವೀಗ ಯಾವ ಲೆಕ್ಕದಲ್ಲಿ ಆ ಮನೆಯಲ್ಲಿದ್ದೀರಿ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 116 ಇದಕ್ಕೆ ಉತ್ತರ ಕೊಡುತ್ತದೆ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ನೀವು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆದಾರರು. ಅತಿಕ್ರಮಣ ಮಾಡಿದವರು ಅಲ್ಲವೇ ಅಲ್ಲ. ಅಂಥ ಬಾಡಿಗೆಯನ್ನು ಕೊನೆ ಮಾಡಬೇಕಾದರೆ ಸೆಕ್ಷನ್ 106ರಂತೆ 15 ದಿನದ ನೋಟಿಸ್ ಕೊಡಬೇಕು. ಅದು ಬರವಣಿಗೆಯಲ್ಲೇ ಇರಬೇಕು. ಕರಾರಿನಲ್ಲಿ ಬೇರೆ ಅವಧಿ ಇದ್ದರೆ ಅದು ನಡೆಯುತ್ತದೆ.

15 ದಿನ ಅಂದರೆ ತೀರಾ ಕಡಿಮೆ, ಅಲ್ವಾ? ಸಂಸಾರ ಕಟ್ಟಿಕೊಂಡು 15 ದಿನದಲ್ಲಿ ಮನೆ ಹುಡುಕುವುದು ಈ ಊರಲ್ಲಿ ಆಗದ ಮಾತು. ಅದಕ್ಕೇ ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಎಂದು ಬರೆಸುವುದು. ಆದರೆ ಹಳೆಯ ಪತ್ರದ ಅವಧಿ ಮುಗಿದ ಮೇಲೆ ಆ ಎರಡು ತಿಂಗಳು ಇನ್ನೂ ಜೀವಂತವೋ ಇಲ್ಲವೋ ಎಂದು ವಕೀಲರು ಎರಡೂ ಕಡೆ ವಾದ ಮಾಡಬಹುದು. ಆ ವಾದಕ್ಕೆ ಜಾಗ ಕೊಡದೆ, 12ನೇ ತಿಂಗಳಲ್ಲಿ ಹೊಸ ಪತ್ರ ಮಾಡಿಸಿಕೊಳ್ಳಿ. ಓನರ್ "ಸುಮ್ನೆ ಯಾಕೆ ಖರ್ಚು" ಅಂದರೆ, ಖರ್ಚು ನಾನೇ ಕೊಡುತ್ತೇನೆ ಎನ್ನಿ.

ಈಗ ಅಡ್ವಾನ್ಸ್.

ಒಂದು ಕಾಲಕ್ಕೆ ಬೆಂಗಳೂರಲ್ಲಿ 10 ತಿಂಗಳ ಅಡ್ವಾನ್ಸ್ ಮಾಮೂಲಾಗಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ. ಇಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂದು ಕಾನೂನು ಇಲ್ಲವೇ ಎಂದು ಕೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ಕರ್ನಾಟಕ ಹಾಗೆ ಮಾಡಿಕೊಂಡಿಲ್ಲ. ನಮ್ಮಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗೆ ಅನ್ವಯಿಸುವುದೇ ಇಲ್ಲ. ಆ ಬಾಡಿಗೆಗೆ ಇವತ್ತು ಬೈಕ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ! ಆದ್ದರಿಂದ ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಹಳೆಯ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು ಪತ್ರ. ಪತ್ರದಲ್ಲಿ ಏನು ಬರೆದಿರಿ ಎನ್ನುವುದಕ್ಕೆ ಅಷ್ಟು ತೂಕ ಬರುವುದು ಇದೇ ಕಾರಣಕ್ಕೆ.

ಒಂದು ಲೆಕ್ಕ ಹಾಕೋಣ. ಇದು ಯಾರ ಮನೆಯದೂ ಅಲ್ಲ, ನಾನು ಕಟ್ಟಿದ ಉದಾಹರಣೆ. ಆದರೆ ಇದರ ಪ್ರತಿ ಸಾಲನ್ನೂ ನಿಮ್ಮಲ್ಲಿ ಯಾರಾದರೂ ಅನುಭವಿಸಿರುತ್ತೀರಿ.

ಎರಡು ಬೆಡ್‌ರೂಮಿನ ಮನೆ. ಬಾಡಿಗೆ 20,000, ಅಡ್ವಾನ್ಸ್ 1,50,000. ಒಂದು ವರ್ಷದ ಮೇಲೆ ಬಾಡಿಗೆ 21,000 ಆಯಿತು, ಹೊಸ ಪತ್ರ ಮಾಡಿಸಲಿಲ್ಲ. ಬಾಡಿಗೆದಾರನಿಗೆ ಬೇರೆ ಊರಿಗೆ ವರ್ಗವಾಯಿತು. ಜನವರಿ 10ಕ್ಕೆ ಓನರಿಗೆ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದ. ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಇತ್ತು. ಮಾರ್ಚ್ 10ಕ್ಕೆ ಖಾಲಿ ಮಾಡಿ, ಅಲ್ಲಿಯವರೆಗಿನ ಬಾಡಿಗೆ, ಕರೆಂಟ್ ಬಿಲ್ ಎಲ್ಲ ಕಟ್ಟಿ ಕೀಲಿ ಕೊಟ್ಟ. ಒಂದು ವಾರ ಬಿಟ್ಟು ಓನರ್ ಲೆಕ್ಕ ಕಳಿಸಿದರು. ಪೇಂಟಿಂಗಿಗೆ 21,000. ಗೀಸರ್ ಕೆಟ್ಟಿದೆ, 4,500. ಕ್ಲೀನಿಂಗಿಗೆ 3,000. ನೋಟಿಸ್ ಅವಧಿ ಮಾರ್ಚ್ ಕೊನೆಯವರೆಗೆ, ಆದ್ದರಿಂದ ತಿಂಗಳಿಗೆ 30 ದಿನದ ಲೆಕ್ಕದಲ್ಲಿ ಉಳಿದ 20 ದಿನದ ಬಾಡಿಗೆ 14,000. ಒಟ್ಟು 42,500 ಮುರಿದುಕೊಂಡು 1,07,500 ವಾಪಸ್.

ಒಂದೊಂದಾಗಿ ನೋಡಿ. ಮೊದಲು ಪೇಂಟಿಂಗ್. ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108 ಹೇಳುವುದು ಇಷ್ಟು. ಮನೆಯನ್ನು ಹೇಗೆ ಪಡೆದಿರೋ ಹಾಗೆ ವಾಪಸ್ ಕೊಡಬೇಕು, ಸಹಜವಾಗಿ ಸವೆದದ್ದನ್ನು ಬಿಟ್ಟು. ಎರಡು ವರ್ಷ ಬಿಸಿಲು ಬಿದ್ದು ಗೋಡೆ ಬಣ್ಣ ಮಾಸಿದ್ದು ಸಹಜ ಸವೆತ. ಅದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ. ಆದರೆ 'ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆ ಮುರಿದುಕೊಳ್ಳತಕ್ಕದ್ದು' ಎಂದು ಕರಾರಿನಲ್ಲಿ ಬರೆದು ನೀವು ಸಹಿ ಮಾಡಿದ್ದರೆ ಕಾಯ್ದೆಯ ಈ ಸಾಲು ನಿಮ್ಮ ಸಹಾಯಕ್ಕೆ ಬರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಆ ಸಾಲು ಇದೆ ಎಂದುಕೊಳ್ಳಿ. ಆಗಲೂ ಪತ್ರದಲ್ಲಿರುವ ಬಾಡಿಗೆ 20,000, ಓನರ್ ಮುರಿದದ್ದು 21,000. ಸಾವಿರ ರೂಪಾಯಿ ಸಣ್ಣದು, ನಿಜ. ಆದರೆ 60,000 ಬಾಡಿಗೆಯ ಮನೆಯಲ್ಲಿ ನಾಲ್ಕು ವರ್ಷ ಇದ್ದವರಿಗೆ ಈ ವ್ಯತ್ಯಾಸ ಹತ್ತು ಸಾವಿರದ ಆಸುಪಾಸಿಗೆ ಹೋಗುತ್ತದೆ. ಅದಕ್ಕೆ ಪೇಂಟಿಂಗ್ ಮೊತ್ತವನ್ನು ಅಂಕಿಯಲ್ಲೇ ಬರೆಸಿ. 'ನಿಜವಾಗಿ ಪೇಂಟ್ ಮಾಡಿಸಿದರೆ, ಬಿಲ್ ತೋರಿಸಿದರೆ' ಎನ್ನುವ ಮಾತು ಸೇರಿಸಿದರೆ ಇನ್ನೂ ಒಳ್ಳೆಯದು. ಪೇಂಟಿಂಗಿಗೆಂದು ಮುರಿದುಕೊಂಡು, ಪೇಂಟ್ ಮಾಡಿಸದೆ ಮುಂದಿನವರಿಗೆ ಅದೇ ಗೋಡೆ ತೋರಿಸಿ ಮನೆ ಕೊಡುವುದು ಈ ಊರಲ್ಲಿ ಅಪರೂಪವೇನಲ್ಲ.

ಗೀಸರ್. ನೀವು ಬರುವ ಮೊದಲೇ ಅಲ್ಲಿದ್ದ ಗೀಸರಿನ ಕಾಯಿಲ್ ತಾನಾಗಿ ಹೋದರೆ ಅದೂ ಸವೆತವೇ. ನೀವು ನೀರಿಲ್ಲದೆ ಸ್ವಿಚ್ ಹಾಕಿ ಸುಟ್ಟಿದ್ದರೆ ನಿಮ್ಮ ತಲೆಗೆ. ಇದನ್ನು ಸಾಬೀತು ಮಾಡುವುದು ಹೇಗೆ? ಮನೆಗೆ ಹೋದ ದಿನವೇ ಫೋನಿನಲ್ಲಿ ಒಂದು ವಿಡಿಯೊ ಮಾಡಿ. ನಲ್ಲಿ ತಿರುಗಿಸಿ, ಫ್ಯಾನ್ ಹಾಕಿ, ಗೀಸರಿನ ಮೇಲಿರುವ ತಯಾರಿಕೆ ವರ್ಷ ಕಾಣುವಂತೆ ಹತ್ತಿರದಿಂದ ಹಿಡಿಯಿರಿ. ಗೋಡೆಯ ತೇವ, ಬಾಗಿಲಿನ ಗೀರು, ಒಡೆದ ಟೈಲ್ಸ್ ಬಿಡಬೇಡಿ. ಅವತ್ತೇ ಓನರಿಗೆ ವಾಟ್ಸ್ಆ್ಯಪ್ ಮಾಡಿ. ತಾರೀಖು ತಾನಾಗಿ ದಾಖಲಾಗುತ್ತದೆ. ಕರಾರಿನ ಕೊನೆಯಲ್ಲಿ ಫಿಟ್ಟಿಂಗ್ಸ್ ಪಟ್ಟಿ ಇರುತ್ತದಲ್ಲ, 'ಫ್ಯಾನ್ 4, ಗೀಸರ್ 1' ಎಂದು, ಅಲ್ಲಿ 'ಹಳೆಯದು' ಎನ್ನುವ ಒಂದು ಪದ ಸೇರಿಸಿದರೂ ಉಪಯೋಗಕ್ಕೆ ಬರುತ್ತದೆ.

ಕ್ಲೀನಿಂಗಿನ 3,000 ಕರಾರಿನಲ್ಲಿ ಇಲ್ಲ. ಕಸ ಬಿಟ್ಟು ಬಂದಿರದಿದ್ದರೆ ಕೊಡಬೇಕಾಗಿಲ್ಲ.

ನೋಟಿಸಿನ ಲೆಕ್ಕ ಹೆಚ್ಚು ಜಗಳಕ್ಕೆ ಕಾರಣ. ಓನರ್ ಹೇಳುವುದು, ಜನವರಿ ಅರ್ಧಂಬರ್ಧ ತಿಂಗಳು, ಅದು ಲೆಕ್ಕಕ್ಕಿಲ್ಲ, ಫೆಬ್ರವರಿ ಮಾರ್ಚ್ ಪೂರ್ತಿ ಬಾಡಿಗೆ ಬೇಕು ಎಂದು. ಹಿಂದೆ ಕಾಯ್ದೆಯಲ್ಲೂ ನೋಟಿಸ್ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕು ಎಂದಿತ್ತು. 2002ರ ಕೊನೆಯ ತಿದ್ದುಪಡಿ ಅದನ್ನು ಬಿಡಿಸಿತು. ಈಗ ನೋಟಿಸ್ ತಲುಪಿದ ದಿನದಿಂದಲೇ ಎಣಿಕೆ. ಕರಾರಿನಲ್ಲಿ 'ತಿಂಗಳ 1ನೇ ತಾರೀಖಿನಿಂದ' ಎಂದು ಬರೆಯದಿದ್ದರೆ ಜನವರಿ 10ರಿಂದ ಮಾರ್ಚ್ 10ಕ್ಕೆ ಎರಡು ತಿಂಗಳು ಮುಗಿದಂತೆ. ಆ 14,000 ಮುರಿಯುವಂತಿಲ್ಲ.

ಹಾಗಾದರೆ ನ್ಯಾಯವಾಗಿ ಮುರಿಯಬಹುದಾದದ್ದು ಪೇಂಟಿಂಗಿನ 20,000 ಮಾತ್ರ. ಬರಬೇಕಾದದ್ದು 1,30,000. ಬಂದದ್ದು 1,07,500. ವ್ಯತ್ಯಾಸ 22,500.

ಇನ್ನು ಇದನ್ನು ವಸೂಲಿ ಮಾಡುವುದು ಹೇಗೆ? ದಾರಿ ಇದೆ. ವಕೀಲರ ಮೂಲಕ ನೋಟಿಸ್, ಆಮೇಲೆ ಸಿವಿಲ್ ಕೋರ್ಟಿನಲ್ಲಿ ಹಣ ವಸೂಲಿ ದಾವೆ, ಮೂರು ವರ್ಷದೊಳಗೆ. ಆದರೆ ವಕೀಲನಾಗಿ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡು ಹೇಳುತ್ತೇನೆ, 22,500ಕ್ಕೆ ಕೋರ್ಟು ಹತ್ತುವುದು ಲಾಭವಲ್ಲ. ಪೂರ್ತಿ ಒಂದೂವರೆ ಲಕ್ಷ ಕೊಡದೇ ಇದ್ದರೆ ಆ ಮಾತು ಬೇರೆ. ಮುರಿದುಕೊಂಡವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಅವರ ಧೈರ್ಯ ಇರುವುದೇ ಅಲ್ಲಿ. ಆದ್ದರಿಂದ ಈ ಜಗಳ ಹುಟ್ಟದ ಹಾಗೆ ಮೊದಲೇ ಬರೆಸಬೇಕು. ನಾನು ಸಾಮಾನ್ಯವಾಗಿ ಬರೆಸುವ ಸಾಲು ಇದು:

'ಬಾಡಿಗೆದಾರರು ಮನೆಯ ಕೀಲಿ ಒಪ್ಪಿಸುವ ದಿನವೇ ಮಾಲೀಕರು ಅಡ್ವಾನ್ಸ್ ಹಣವನ್ನು ಬ್ಯಾಂಕ್ ಖಾತೆಗೆ ಹಿಂದಿರುಗಿಸತಕ್ಕದ್ದು. ಬಾಕಿ ಬಾಡಿಗೆ, ಬಾಕಿ ಕರೆಂಟ್ ಮತ್ತು ನೀರಿನ ಬಿಲ್, ಪೇಂಟಿಂಗಿಗಾಗಿ ರೂ. 20,000 ಹಾಗೂ ಬಿಲ್ ಸಮೇತ ತೋರಿಸಿದ ಹಾನಿಯ ಖರ್ಚು, ಇವುಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಮುರಿದುಕೊಳ್ಳತಕ್ಕದ್ದಲ್ಲ. ಸಹಜ ಸವೆತವು ಹಾನಿಯಲ್ಲ.'

ಇದರಲ್ಲಿ ಕೀಲಿ ಮತ್ತು ಹಣ ಒಂದೇ ದಿನ ಎನ್ನುವುದೇ ಮುಖ್ಯ. ಕೀಲಿ ಕೈಬಿಟ್ಟ ಮೇಲೆ ನಿಮ್ಮ ಹಿಡಿತ ಹೋಯಿತು. ಓನರುಗಳಿಗೂ ಒಂದು ಕಷ್ಟ ಇದೆ, ಮುಂದಿನ ಬಾಡಿಗೆದಾರನ ಅಡ್ವಾನ್ಸ್ ಬಂದಮೇಲೇ ನಿಮಗೆ ಕೊಡುತ್ತಾರೆ, ಬಹಳ ಮನೆಗಳಲ್ಲಿ ನಡೆಯುವುದೇ ಹಾಗೆ. ಅಂಥ ಕಡೆ ನೋಟಿಸ್ ಕೊಡುವಾಗಲೇ, ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ ಎಂದು ಕೇಳಿ ನೋಡಿ. ಒಪ್ಪಿದರೆ ಮೆಸೇಜಿನಲ್ಲಿ ಒಪ್ಪಿಗೆ ಪಡೆಯಿರಿ. ಕೇಳದೇ ಬಾಡಿಗೆ ನಿಲ್ಲಿಸಿದರೆ ತಪ್ಪು ನಿಮ್ಮದಾಗುತ್ತದೆ. ಹೆಚ್ಚಿನ ಕರಾರುಗಳಲ್ಲಿ ಹಾಗೆ ಮಾಡಬಾರದು ಎಂದು ಬರೆದೂ ಇರುತ್ತದೆ. ಅಡ್ವಾನ್ಸ್ ಕೊಡುವಾಗ ಬ್ಯಾಂಕ್ ಮೂಲಕವೇ ಕೊಡಿ. ಒಂದು ಭಾಗ ನಗದು ಕೊಡಿ ಎಂದರೆ ಪೂರ್ತಿ ಮೊತ್ತ ಪತ್ರದಲ್ಲಿ ಬರುವಂತೆ ನೋಡಿಕೊಳ್ಳಿ.

ಹಿಂದಿನ ಸಾಲಿನಿಂದ ಒಬ್ಬ ಯುವಕ ಲಾಕ್-ಇನ್ ಬಗ್ಗೆ ಕೇಳಿದರು. ಆರು ತಿಂಗಳು ಖಾಲಿ ಮಾಡುವಂತಿಲ್ಲ, ಮಾಡಿದರೆ ಪೂರ್ತಿ ಅಡ್ವಾನ್ಸ್ ಹೋಗುತ್ತದೆ ಎಂದು ಅವರ ಕರಾರಿನಲ್ಲಿದೆಯಂತೆ. ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ, ಪತ್ರದಲ್ಲಿ ಎಷ್ಟೇ ದಂಡ ಬರೆದಿದ್ದರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ. ಪತ್ರದಲ್ಲಿ ಬರೆದ ಮೊತ್ತ ಅದರ ಮೇಲಿನ ಮಿತಿ. ಹಾಗಾಗಿ ಪೂರ್ತಿ ಒಂದೂವರೆ ಲಕ್ಷ ನುಂಗುವುದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಹಾಗಂತ ಲಾಕ್-ಇನ್‌ಗೆ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. ಒಂದೆರಡು ತಿಂಗಳ ಬಾಡಿಗೆ ಬಿಟ್ಟುಕೊಡಬೇಕಾಗಬಹುದು. ಇನ್ನೊಂದು ವಿಷಯ. ಲಾಕ್-ಇನ್ ಓನರಿಗೂ ಅನ್ವಯಿಸುತ್ತದೆ ಎಂದು ಬರೆದಿದೆಯೇ ನೋಡಿ. ಬಹಳ ಪತ್ರಗಳಲ್ಲಿ ಅದು ಒಂದೇ ಕಡೆಗೆ ಇರುತ್ತದೆ.

ರಿಪೇರಿ ಬಗ್ಗೆ ಎರಡು ಮಾತು. ಬಲ್ಬು, ನಲ್ಲಿಯ ವಾಷರ್ ನಿಮ್ಮದು. ಸಂಪಿನ ಮೋಟರ್, ಪೈಪ್ ಒಡೆದದ್ದು, ಚಾವಣಿ ಸೋರುವುದು ಓನರದ್ದು. ಹೀಗೆಂದು ಕರಾರಿನಲ್ಲೇ ಬರೆಸಿ. ಓನರ್ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ, ತಕ್ಕಷ್ಟು ಸಮಯ ಕೊಟ್ಟ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಇದು ಕೂಡ ಸೆಕ್ಷನ್ 108ರಲ್ಲೇ ಇದೆ. ತಿಳಿಸಿದ್ದಕ್ಕೆ ಮೆಸೇಜ್ ಇರಬೇಕು, ಖರ್ಚಿಗೆ ಬಿಲ್ ಇರಬೇಕು. ನೀರಿನ ಬಗ್ಗೆ ಬೆಂಗಳೂರಿನವರು ಬೇರೆಯೇ ಬರೆಸಬೇಕು. ಬೋರ್ ಒಣಗಿ ಟ್ಯಾಂಕರ್ ತರಿಸಿದರೆ ಖರ್ಚು ಯಾರದು, ಮನೆಗಳಿಗೆ ಹೇಗೆ ಹಂಚುವುದು ಎಂದು. ಮಾರ್ಚ್, ಏಪ್ರಿಲ್‌ನಲ್ಲಿ ಇದರ ಬೆಲೆ ತಿಳಿಯುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಪತ್ರದಲ್ಲಿ ಬರೆದರೆ ಸಿಗುವುದು. ಬರೆಯದಿದ್ದರೂ ನಿಮಗಿರುವ ರಕ್ಷಣೆ ಒಂದಿದೆ. ಕೋರ್ಟಿನ ಆದೇಶ ಇಲ್ಲದೆ ನಿಮ್ಮನ್ನು ಯಾರೂ ಬಲವಂತವಾಗಿ ಹೊರಗೆ ಹಾಕುವಂತಿಲ್ಲ. 'ಅವಧಿ ಮುಗಿದರೆ ಮಾಲೀಕರು ಬೀಗ ಹಾಕಬಹುದು, ಸಾಮಾನು ಹೊರಗಿಡಬಹುದು' ಎಂದು ಪತ್ರದಲ್ಲಿ ಬರೆದು ನೀವು ಸಹಿ ಹಾಕಿದ್ದರೂ ಓನರಿಗೆ ಆ ಅಧಿಕಾರ ಬರುವುದಿಲ್ಲ. ಕಾನೂನಿನ ದಾರಿ ಬಿಟ್ಟು ಯಾರನ್ನೂ ಸ್ವಾಧೀನದಿಂದ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಓನರ್ ನೋಟಿಸ್ ಕೊಟ್ಟು, ದಾವೆ ಹಾಕಿ, ಆದೇಶ ತರಬೇಕು.

ನೀವು ಊರಿಗೆ ಹೋಗಿ ಬರುವಷ್ಟರಲ್ಲಿ ಬೀಗ ಬದಲಾಗಿದ್ದರೆ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6 ಇರುವುದು ಇದಕ್ಕೇ. ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹಾಕಬೇಕು. ಅಲ್ಲಿ ಮನೆ ಯಾರದು ಎನ್ನುವ ಪ್ರಶ್ನೆ ಬರುವುದಿಲ್ಲ. ನೀವು ಅಲ್ಲಿ ವಾಸವಿದ್ದಿರಿ, ಒಪ್ಪಿಗೆ ಇಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರು ಎಂದು ತೋರಿಸಿದರೆ ಸಾಕು. ಹೊರಹಾಕುವ ಬೆದರಿಕೆ ಇರುವಾಗಲೇ ಬಂದರೆ ತಡೆಯಾಜ್ಞೆ ಕೇಳಬಹುದು. ಪೊಲೀಸರು "ಇದು ಸಿವಿಲ್ ಮ್ಯಾಟರ್" ಎಂದು ಕಳಿಸುವುದುಂಟು. ಆದರೂ ದೂರು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ದಿನ ನೀವು ಅಲ್ಲಿ ವಾಸವಿದ್ದಿರಿ ಎನ್ನುವುದಕ್ಕೆ ಅದೂ ಒಂದು ದಾಖಲೆ. ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ, ಗ್ಯಾಸ್ ಬಿಲ್, ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಿದ್ದ ಆರ್.ಆರ್. ನಂಬರ್ ಕೂಡ. ಗೃಹಜ್ಯೋತಿ ಅಂದಾಗ ನೆನಪಾಯಿತು, ಖಾಲಿ ಮಾಡುವಾಗ ಆ ಜೋಡಣೆಯನ್ನು ತೆಗೆಸಿ ಬನ್ನಿ, ಇಲ್ಲದಿದ್ದರೆ ಹೊಸ ಮನೆಗೆ ಸಿಗುವುದು ತೊಡಕಾಗುತ್ತದೆ.

ನಡುವೆ ಮನೆ ಮಾರಿದರೆ ಏನು ಎಂದು ಒಬ್ಬ ಅಮ್ಮ ಕೇಳಿದರು. ಕೊಂಡವರು ಹಳೆಯ ಓನರಿನ ಜಾಗಕ್ಕೆ ಬರುತ್ತಾರೆ, ನಿಮ್ಮ ಬಾಡಿಗೆ ತಾನಾಗಿ ಮುರಿಯುವುದಿಲ್ಲ. ಮಾರಾಟದ ವಿಷಯ ನಿಮಗೆ ತಿಳಿಯದೆ ಹಳಬರಿಗೇ ಬಾಡಿಗೆ ಕಟ್ಟಿದ್ದರೆ ಹೊಸಬರು ಅದನ್ನು ಮತ್ತೆ ಕೇಳುವಂತಿಲ್ಲ. ಆದರೆ ಅಡ್ವಾನ್ಸ್ ಯಾರ ಹತ್ತಿರ ಇದೆ ಎಂದು ಇಬ್ಬರಿಂದಲೂ ಬರೆಸಿಕೊಳ್ಳಿ. ಇಲ್ಲದಿದ್ದರೆ ಅವರನ್ನು ಕೇಳಿದರೆ ಇವರು, ಇವರನ್ನು ಕೇಳಿದರೆ ಅವರು.

ಕೊನೆಗೆ ಲೀಸ್ ಬಗ್ಗೆ ಮೂರ್ನಾಲ್ಕು ಜನ ಕೇಳಿದರು. ಅದೇ ಭೋಗ್ಯ, ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ಇದಕ್ಕೆ 11 ತಿಂಗಳ ಲೆಕ್ಕ ಹಾಕಬೇಡಿ. ಕಾನೂನಿನ ಪ್ರಕಾರ ಭೋಗ್ಯ ಅಂದರೆ ಅಡಮಾನ. ನೋಂದಣಿ ಆಗದಿದ್ದರೆ ಅಡಮಾನದ ಹಕ್ಕು ನಿಮಗೆ ಹುಟ್ಟುವುದಿಲ್ಲ, ಕೊಟ್ಟದ್ದು ಬರೀ ಕೈಸಾಲ ಆಗುತ್ತದೆ. ಓನರ್ ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದೇ ಇದ್ದರೆ ಬ್ಯಾಂಕಿನವರು ಬಂದು ನೋಟಿಸ್ ಅಂಟಿಸುತ್ತಾರೆ, ನಿಮ್ಮ ಹದಿನೈದು ಲಕ್ಷ ಬ್ಯಾಂಕಿನ ಹಿಂದೆ ನಿಲ್ಲುತ್ತದೆ. ಆದ್ದರಿಂದ ಮೊದಲು ಆಸ್ತಿಯ ಮೇಲಿನ ಋಣಭಾರ ತೋರಿಸುವ ಇ.ಸಿ. ತೆಗೆಸಿ. ಅದರಲ್ಲಿ ಎಲ್ಲ ಸಾಲವೂ ಕಾಣುತ್ತದೆ ಎಂದೇನಿಲ್ಲ. ಅದಕ್ಕೇ ಮನೆಯ ಮೂಲ ಕ್ರಯಪತ್ರ ತೋರಿಸಿ ಎಂದು ಕೇಳಿ, ಜೆರಾಕ್ಸ್ ಅಲ್ಲ. "ಊರಲ್ಲಿದೆ, ಅಣ್ಣನ ಹತ್ತಿರ ಇದೆ, ಮುಂದಿನ ವಾರ ತೋರಿಸ್ತೀನಿ" ಎನ್ನುವ ಉತ್ತರ ಬಂದರೆ ಮೂಲಪತ್ರ ಬ್ಯಾಂಕಿನಲ್ಲಿದೆ ಎಂದೇ ತಿಳಿದುಕೊಂಡು, ಪತ್ರ ಕಣ್ಣಿಗೆ ಬೀಳುವವರೆಗೆ ದುಡ್ಡು ಕೊಡಬೇಡಿ.